ತಾಳೆಪಟ್ಟಿಯಲ್ಲಿ ಬೇಕೆಂದೇ ಇಟ್ಟ ತಪ್ಪುಗಳು

ಜಮಾಖರ್ಚಿನ ಪರೀಕ್ಷೆಗೆ ಓದುತ್ತಿರುವ ನಮ್ಮ ಗೆಳೆಯರಿಗೆಲ್ಲ ಒಂದು ಅನುಭವವಿದೆ. ಪಠ್ಯಪುಸ್ತಕದ ಲೆಕ್ಕವನ್ನು ಕ್ರಮವಾಗಿ ಮಾಡುತ್ತ ಹೋದರೆ ಕೊನೆಗೆ ತಾಳೆಪಟ್ಟಿಯ ಎರಡು ಬದಿಗಳೂ ಒಂದೇ ಮೊತ್ತಕ್ಕೆ ಬಂದು ನಿಲ್ಲುತ್ತವೆ. ಬಾರದಿದ್ದರೆ ಪುಸ್ತಕದ ಹಿಂಬದಿಯಲ್ಲಿ ಉತ್ತರವಿದೆ. ಅದನ್ನು ನೋಡಿ ಎಲ್ಲಿ ಎಡವಿದೆವೆಂದು ತಿಳಿದುಕೊಳ್ಳಬಹುದು. ಆದರೆ ಕೆಲಸಕ್ಕೆ ಸೇರಿದ ಮೊದಲ ತಿಂಗಳಿನಲ್ಲಿಯೇ ತಾಳೆ ತಪ್ಪುತ್ತದೆ, ಅಲ್ಲಿ ಹಿಂಬದಿಯ ಉತ್ತರವಿರುವುದಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಸಂಜೆಯ ಪಾಠಕ್ಕೆ ಬರುತ್ತಿದ್ದ ಒಬ್ಬ ತರುಣನಿಗೆ ಹೀಗೆಯೇ ಆಯಿತು. ಧಾರವಾಡದ ಕಡೆಯವನು; ಮುಂಬಯಿಯ ಒಂದು ಸಗಟು ಅಂಗಡಿಯಲ್ಲಿ ಗುಮಾಸ್ತನಾಗಿ ಸೇರಿದ್ದ. ಆ ಅಂಗಡಿಯಲ್ಲಿ ಆಗಿನ್ನೂ ಕೈಬರಹದ ಖಾತೆ ಪುಸ್ತಕಗಳೇ ಇದ್ದವು. ತಿಂಗಳ ಕೊನೆಗೆ ಅವನ ತಾಳೆಪಟ್ಟಿಯಲ್ಲಿ ಡೆಬಿಟ್ ಬದಿ 540 ರೂಪಾಯಿ ಹೆಚ್ಚಾಗಿ ಬಂತು. ಎರಡು ರಾತ್ರಿ ಕೂಡಿಸಿದ, ಮತ್ತೆ ಮತ್ತೆ ಕೂಡಿಸಿದ. ಮೂರನೆಯ ದಿನ ಮಾಲೀಕರು ಪಟ್ಟಿ ಕೇಳುವರೆಂದು ಹೆದರಿ, ಇತರೆ ಖರ್ಚಿನ ಖಾತೆಯಿಂದ 540 ರೂಪಾಯಿ ಇಳಿಸಿ ಬರೆದುಬಿಟ್ಟ. ತಾಳೆ ಬಂತು.

ಮುಂದಿನ ತಿಂಗಳು ಒಬ್ಬ ಗಿರಾಕಿಗೆ ಬಾಕಿಯ ಪತ್ರ ಹೋಯಿತು. ಅವರು ರಸೀದಿಯನ್ನು ಹಿಡಿದುಕೊಂಡು ಅಂಗಡಿಗೇ ಬಂದರು. ಅವರು ಕೊಟ್ಟಿದ್ದ 270 ರೂಪಾಯಿಯನ್ನು ಅವರ ಖಾತೆಯ ಕ್ರೆಡಿಟ್ ಬದಿಗೆ ಬರೆಯುವ ಬದಲು ಡೆಬಿಟ್ ಬದಿಗೆ ಬರೆದಿದ್ದ. ಆದ್ದರಿಂದ ಅವರಿಂದ ಬರಬೇಕಾದ ಹಣಕ್ಕಿಂತ 540 ರೂಪಾಯಿ ಹೆಚ್ಚು ಕೇಳಿದಂತಾಗಿತ್ತು. ಹುಡುಕಿದಾಗ ಇತರೆ ಖರ್ಚಿನ ತಿದ್ದುಪಡಿಯೂ ಕಣ್ಣಿಗೆ ಬಿತ್ತು. ಒಂದು ಪೈಸೆಯನ್ನೂ ಅವನು ಮುಟ್ಟಿರಲಿಲ್ಲ. ಆದರೂ ಲೆಕ್ಕ ತಿದ್ದಿದವನೆಂಬ ಹೆಸರು ಬಂದು ಕೆಲಸ ಹೋಯಿತು. ಪಾಠಕ್ಕೆ ಬಂದು, “ಮಾಸ್ತರ್ರ, ನೀವು ನನಗ ಕೂಡಿಸೋದು ಕಲಿಸಿದ್ರಿ, ಹುಡುಕೋದು ಕಲಿಸಲಿಲ್ಲ” ಎಂದ. ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅಂದಿನಿಂದ ಪಾಠದ ಲೆಕ್ಕಗಳಲ್ಲಿ ಬೇಕೆಂದೇ ತಪ್ಪುಗಳನ್ನಿಟ್ಟು ಅವನ್ನು ಹುಡುಕಲು ಹಚ್ಚುವ ಕ್ರಮವನ್ನು ಹಿಡಿದೆ. ಅದನ್ನು ಮಾಡುವುದು ಹೇಗೆ, ಅದರಲ್ಲಿ ನಾನು ಎಡವಿದ್ದು ಎಲ್ಲಿ ಎಂಬುದನ್ನು ಇಲ್ಲಿ ಹೇಳುತ್ತೇನೆ. ತಮ್ಮಷ್ಟಕ್ಕೆ ಓದುವವರು ಇಬ್ಬರು ಕೂಡಿದರೂ ಇದನ್ನು ಮಾಡಬಹುದು: ಒಬ್ಬನು ತಪ್ಪಿಡಬೇಕು, ಇನ್ನೊಬ್ಬನು ಹುಡುಕಬೇಕು.

ತಪ್ಪನ್ನು ಇಡುವ ಸ್ಥಳ

ಪ್ರತಿಯೊಂದು ವ್ಯವಹಾರವನ್ನೂ ಎರಡು ಖಾತೆಗಳಲ್ಲಿ, ಒಂದರಲ್ಲಿ ಡೆಬಿಟ್, ಇನ್ನೊಂದರಲ್ಲಿ ಕ್ರೆಡಿಟ್ ಎಂದು ಬರೆಯುತ್ತೇವೆ; ಹಳೆಯ ಅಂಗಡಿಗಳ ಮಾತಿನಲ್ಲಿ ಖರ್ಚು ಮತ್ತು ಜಮಾ. ಆದುದರಿಂದ ಎಲ್ಲ ಖಾತೆಗಳ ಶಿಲ್ಕುಗಳನ್ನು ಒಂದು ಕಡೆ ಪಟ್ಟಿ ಮಾಡಿದರೆ ಎರಡು ಬದಿಗಳ ಮೊತ್ತ ಸಮನಾಗಬೇಕು. ಆ ಪಟ್ಟಿಯೇ ತಾಳೆಪಟ್ಟಿ. ಅದು ಲೆಕ್ಕದ ಕೊನೆಯ ಮೆಟ್ಟಿಲು. ರಸೀದಿ-ಬಿಲ್ಲುಗಳಿಂದ ದಿನದ ಪುಸ್ತಕಗಳಿಗೆ, ಅಲ್ಲಿಂದ ಖಾತೆ ಪುಸ್ತಕಕ್ಕೆ, ಅಲ್ಲಿಂದ ತಾಳೆಪಟ್ಟಿಗೆ ಅಂಕಿಗಳು ಇಳಿದು ಬರುತ್ತವೆ.

ತಪ್ಪಿರುವ ತಾಳೆಪಟ್ಟಿಯ ಲೆಕ್ಕಗಳು ಪಠ್ಯಪುಸ್ತಕಗಳಲ್ಲಿ ಇಲ್ಲವೆಂದಲ್ಲ. ಆದರೆ ಬಹುತೇಕ ಅವು ಬಂಡವಾಳವನ್ನು ಡೆಬಿಟ್ ಬದಿಗೆ, ಬಾಡಿಗೆಯನ್ನು ಕ್ರೆಡಿಟ್ ಬದಿಗೆ ಹಾಕಿಟ್ಟು, “ಸರಿಪಡಿಸಿ ಬರೆಯಿರಿ” ಎಂದು ಕೇಳುವಂಥವು. ಇದರಿಂದ ಯಾವ ಖಾತೆಯ ಶಿಲ್ಕು ಯಾವ ಬದಿಗೆ ಬರುತ್ತದೆಂಬುದು ಗೊತ್ತಾಗುತ್ತದೆಯೇ ಹೊರತು ಹುಡುಕುವ ಅಭ್ಯಾಸವಾಗುವುದಿಲ್ಲ. ಏಕೆಂದರೆ ಹುಡುಕಲು ಬೇರೆ ಕಾಗದವೇ ಇಲ್ಲ.

ನಾನೂ ಮೊದಲು ಇದೇ ತಪ್ಪು ಮಾಡಿದೆ. ತಾಳೆಪಟ್ಟಿಯಲ್ಲಿ ಸಂಬಳದ ಅಂಕಿಯನ್ನು ಬದಲಿಸಿ ಕೊಟ್ಟೆ. ವಿದ್ಯಾರ್ಥಿಗಳು ಅರ್ಧ ಗಂಟೆ ಅದನ್ನೇ ದಿಟ್ಟಿಸಿ ನೋಡಿದರು. ಮೂಲವನ್ನು ಕಾಣದವನಿಗೆ ನಕಲಿನ ತಪ್ಪು ಕಾಣುವುದು ಹೇಗೆ? ಆಗ ತಿಳಿಯಿತು: ತಪ್ಪನ್ನು ದಿನದ ಪುಸ್ತಕದಲ್ಲಿಯೋ ಖಾತೆ ಪುಸ್ತಕದಲ್ಲಿಯೋ ಇಟ್ಟು, ಅದು ತಾನಾಗಿ ತಾಳೆಪಟ್ಟಿಗೆ ಇಳಿದು ಬರುವಂತೆ ಮಾಡಬೇಕು. ಆ ಮೇಲೆ ನಾಲ್ಕನ್ನೂ ವಿದ್ಯಾರ್ಥಿಯ ಮುಂದಿಡಬೇಕು: ಬಿಲ್ಲು-ರಸೀದಿಗಳು, ದಿನದ ಪುಸ್ತಕಗಳು, ಖಾತೆ ಪುಸ್ತಕ ಮತ್ತು ತಾಳೆಪಟ್ಟಿ. ಖಾತೆಗಳು ಹನ್ನೆರಡೇ ಇರಲಿ, ಚಿಂತೆಯಿಲ್ಲ. ಆದರೆ ತಪ್ಪಿನಿಂದ ಮೂಲದವರೆಗೆ ದಾರಿ ಇರಬೇಕು.

ಇನ್ನೊಂದು ನಿಯಮವಿದೆ. ಮೊದಲು ತಪ್ಪಿಲ್ಲದ ಲೆಕ್ಕವನ್ನು ಪೂರ್ತಿಯಾಗಿ ಮಾಡಿ ತಾಳೆ ತರಬೇಕು. ಅನಂತರ ಒಂದೊಂದೇ ತಪ್ಪನ್ನು ಇಡುತ್ತ, ಪ್ರತಿಯೊಂದಕ್ಕೂ ಒಂದು ಚೀಟಿಯಲ್ಲಿ, ಎಲ್ಲಿ ಇಟ್ಟಿದ್ದೇನೆ, ಸರಿಯಾದ ಅಂಕಿ ಯಾವುದು, ಬರೆದದ್ದು ಯಾವುದು, ಯಾವ ಬದಿ ಎಷ್ಟು ಹೆಚ್ಚು ಕಡಿಮೆಯಾಯಿತು ಎಂದು ಬರೆದಿಟ್ಟುಕೊಳ್ಳಬೇಕು. ಒಮ್ಮೆ ಆತುರದಲ್ಲಿ ಈ ನಿಯಮ ಬಿಟ್ಟೆ. ಒಬ್ಬ ವಿದ್ಯಾರ್ಥಿ ನಾನಿಟ್ಟ ಮೂರು ತಪ್ಪುಗಳ ಜೊತೆಗೆ ನಾನಿಡದ ನಾಲ್ಕನೆಯದನ್ನೂ ಹುಡುಕಿ ತಂದ. ಅದು ನನ್ನದೇ ಕೂಡಿಕೆಯ ತಪ್ಪು. ಅವನಿಗೆ ಅಂದು ಪೂರ್ಣ ಅಂಕಗಳು ಸಿಕ್ಕವು, ನನಗೆ ಬುದ್ಧಿ ಬಂತು.

ವ್ಯತ್ಯಾಸ ಹೇಳುವ ಸುಳಿವು

ಮೊದಲ ಕೆಲವು ದಿನ ಒಂದು ಲೆಕ್ಕಕ್ಕೆ ಒಂದೇ ತಪ್ಪು ಇಡಬೇಕು. ಹಾಗೆ ಇಟ್ಟಾಗ ಎರಡು ಬದಿಗಳ ವ್ಯತ್ಯಾಸವೇ ಮಾತನಾಡುತ್ತದೆ.

ಒಂದು ಮೊಬಲಗನ್ನು ಖಾತೆಗೆ ಏರಿಸುವುದನ್ನೇ ಮರೆತಿದ್ದರೆ ವ್ಯತ್ಯಾಸ ಅದೇ ಮೊಬಲಗು ಆಗಿರುತ್ತದೆ. ದಿನದ ಪುಸ್ತಕದಲ್ಲಿ ಆ ಅಂಕಿಯನ್ನು ಹುಡುಕಿದರಾಯಿತು. ಡೆಬಿಟ್ಟಿಗೆ ಬರೆಯಬೇಕಾದ್ದನ್ನು ಕ್ರೆಡಿಟ್ಟಿಗೆ ಬರೆದಿದ್ದರೆ ವ್ಯತ್ಯಾಸ ಅದರ ಎರಡರಷ್ಟಾಗುತ್ತದೆ, ಏಕೆಂದರೆ ಒಂದು ಬದಿ ಅಷ್ಟು ಕಡಿಮೆ, ಇನ್ನೊಂದು ಬದಿ ಅಷ್ಟು ಹೆಚ್ಚು. ಆದ್ದರಿಂದ ವ್ಯತ್ಯಾಸದ ಅರ್ಧವನ್ನು ಪುಸ್ತಕಗಳಲ್ಲಿ ಹುಡುಕಬೇಕು. ಕೂಡಿಕೆಯಲ್ಲಿ ದಶಕ ಹಿಡಿಯಲು ಮರೆತರೆ ಹೆಚ್ಚಾಗಿ 10, 100, 1,000 ಎಂಬ ಗುಂಡು ಅಂಕಿಗಳು ವ್ಯತ್ಯಾಸವಾಗಿ ಬರುತ್ತವೆ.

ಅಂಕಿಗಳನ್ನು ಹಿಂದೆ ಮುಂದೆ ಮಾಡಿ ಬರೆದರೆ, ಎಂದರೆ 2,450ನ್ನು 2,540 ಎಂದು ಬರೆದರೆ, ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆ. ಇದರಲ್ಲಿ ಮಾಟವೇನೂ ಇಲ್ಲ. ಹತ್ತರ ಸ್ಥಾನದ ಅಂಕಿ ನೂರರ ಸ್ಥಾನಕ್ಕೆ ಹೋದರೆ ಅದರ ಬೆಲೆ 10ರಿಂದ 100ಕ್ಕೆ ಏರುತ್ತದೆ, ಎಂದರೆ ಪ್ರತಿ ಒಂದಕ್ಕೆ 90 ಹೆಚ್ಚು. ಕೆಳಗಿಳಿದ ಅಂಕಿಗೆ ಪ್ರತಿ ಒಂದಕ್ಕೆ 90 ಕಡಿಮೆ. ಉಳಿಯುವುದು ಎರಡು ಅಂಕಿಗಳ ಅಂತರದ ತೊಂಬತ್ತರಷ್ಟು. ಅಂಕಿಯ ಸ್ಥಾನ ಜಾರಿ 450ನ್ನು 45 ಎಂದು ಬರೆದಾಗಲೂ ವ್ಯತ್ಯಾಸ 405. ಅದೂ ಒಂಬತ್ತರಿಂದ ಭಾಗವಾಗುವಂಥದೇ. ಈ ಸೂತ್ರ ಹತ್ತರ ಲೆಕ್ಕಕ್ಕೆ ಮಾತ್ರ ಸೇರಿದ್ದು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬರುವ ಮುಂಚೆ ರೂಪಾಯಿಗೆ ಹದಿನಾರು ಆಣೆ. ಆಗ ರೂಪಾಯಿಯ ಅಂಕಣದೊಳಗೆ ಸೂತ್ರ ನಡೆಯುತ್ತಿತ್ತು, ಆಣೆಯ ಅಂಕಣಕ್ಕೆ ದಾಟಿದರೆ ಕೈಕೊಡುತ್ತಿತ್ತು.

ಆದರೆ ಸುಳಿವು ಸುಳಿವೇ, ಸಾಕ್ಷ್ಯವಲ್ಲ. ನಮ್ಮ ತರುಣನ 540ನ್ನೇ ನೋಡಿರಿ. ಅದರ ಅರ್ಧ 270, ಬೇರೆ ಬದಿಗೆ ಬಿದ್ದ ಮೊಬಲಗು. ಆದರೆ 540 ಒಂಬತ್ತರಿಂದಲೂ ಭಾಗವಾಗುತ್ತದೆ. 178 ರೂಪಾಯಿಯ ಒಂದು ಖರ್ಚನ್ನು ಖಾತೆಯಲ್ಲಿ 718 ಎಂದು ಬರೆದಿದ್ದರೂ ಡೆಬಿಟ್ ಬದಿ ಇಷ್ಟೇ ಹೆಚ್ಚಾಗುತ್ತಿತ್ತು. ಯಾವುದು ನಿಜವೆಂಬುದನ್ನು ಭಾಗಾಕಾರ ಹೇಳುವುದಿಲ್ಲ, ರಸೀದಿ ಹೇಳುತ್ತದೆ. ಆದುದರಿಂದ ಹೊಸಬರಿಗೆ ಲೆಕ್ಕ ಮಾಡುವಾಗ ಎರಡು ಕಡೆಗೂ ಬೆರಳು ತೋರಿಸುವ ಇಂಥ ಅಂಕಿಗಳನ್ನು ಬಿಡಬೇಕು. ಸ್ವಲ್ಪ ಪಳಗಿದವರಿಗೆ ಅವನ್ನೇ ಆರಿಸಿ ಕೊಡಬೇಕು.

ಒಂದು ಲೆಕ್ಕ

ಈಗ ನಾನು ಪಾಠದಲ್ಲಿ ಕೊಡುವ ಒಂದು ಲೆಕ್ಕವನ್ನೇ ಎತ್ತಿಕೊಳ್ಳೋಣ. ಒಂದು ಕಾಗದ-ಪುಸ್ತಕದ ಅಂಗಡಿ. ತೆರಿಗೆ ಮೊದಲಾದವನ್ನು ಬಿಟ್ಟು ಖಾತೆಗಳನ್ನು ಹನ್ನೆರಡಕ್ಕೆ ಇಳಿಸಿದ್ದೇನೆ. ತಪ್ಪಿಡುವ ಮುಂಚಿನ ಸರಿಯಾದ ತಾಳೆಪಟ್ಟಿ ಹೀಗಿದೆ.

ಡೆಬಿಟ್ ಬದಿ:
ನಗದು — 4,150
ಬ್ಯಾಂಕು — 18,600
ಸರಕು ಖರೀದಿ — 62,400
ಬಾಡಿಗೆ — 6,000
ಸಂಬಳ — 9,000
ಪೀಠೋಪಕರಣ — 15,000
ಗಿರಾಕಿ ಪಾಟೀಲರು — 7,250
ಗಿರಾಕಿ ಶೆಟ್ಟರು — 5,600
ಒಟ್ಟು — 1,28,000

ಕ್ರೆಡಿಟ್ ಬದಿ:
ಬಂಡವಾಳ — 40,000
ಮಾರಾಟ — 79,500
ಕಾಗದದ ಸಗಟು ವ್ಯಾಪಾರಿಗೆ ಕೊಡಬೇಕಾದ್ದು — 8,100
ಬಂದ ಕಮಿಷನ್ — 400
ಒಟ್ಟು — 1,28,000

ಇದರಲ್ಲಿ ಐದು ತಪ್ಪುಗಳನ್ನಿಟ್ಟೆ. ಮೊದಲನೆಯದು: ಪಾಟೀಲರಿಗೆ ಸಾಲದ ಮೇಲೆ ಮಾರಿದ 2,450 ರೂಪಾಯಿಯ ಸರಕನ್ನು ಅವರ ಖಾತೆಯಲ್ಲಿ 2,540 ಎಂದು ಏರಿಸಿದೆ. ಎರಡನೆಯದು: ಕಮಿಷನ್ 250 ಮತ್ತು 150 ಎಂದು ಎರಡು ಸಲ ಬಂದಿತ್ತು, ಎರಡನೆಯ 150ನ್ನು ಡೆಬಿಟ್ ಬದಿಗೆ ಬರೆದೆ. ಮೂರನೆಯದು: ಖರೀದಿ ಪುಸ್ತಕದ ಮೂರನೆಯ ಪುಟದ ಮೊತ್ತ 18,640 ಆಗಬೇಕಾಗಿದ್ದದ್ದನ್ನು 17,640 ಎಂದು ಕೂಡಿಸಿದೆ. ನಾಲ್ಕನೆಯದು: ಅಂಗಡಿಗೆಂದು ಚೆಕ್ಕಿನಿಂದ ಕೊಂಡ 3,000 ರೂಪಾಯಿಯ ಕಪಾಟನ್ನು ಪೀಠೋಪಕರಣಕ್ಕೆ ಹಾಕದೆ ಸರಕು ಖರೀದಿಗೆ ಹಾಕಿದೆ. ಐದನೆಯದು: ಶೆಟ್ಟರು ಕೊಟ್ಟ 1,000 ರೂಪಾಯಿಯನ್ನು ಪಾಟೀಲರ ಖಾತೆಗೆ ಜಮಾ ಮಾಡಿದೆ.

ತಪ್ಪುಗಳು ಮನುಷ್ಯನ ಕೈ ಮಾಡುವಂಥವೇ ಇರಬೇಕೆಂಬುದನ್ನು ಗಮನಿಸಿರಿ. 2,450 ಎಂಬುದು 2,540 ಆಗುವುದುಂಟು, 7,913 ಆಗುವುದಿಲ್ಲ. ಬೇಕಾಬಿಟ್ಟಿ ಅಂಕಿ ಇಟ್ಟರೆ ವಿದ್ಯಾರ್ಥಿಗೆ ಮಾಸ್ತರರ ಮನಸ್ಸನ್ನು ಊಹಿಸುವ ಅಭ್ಯಾಸವಾಗುತ್ತದೆ, ಗುಮಾಸ್ತನ ಕೈಯನ್ನು ಊಹಿಸುವ ಅಭ್ಯಾಸವಾಗುವುದಿಲ್ಲ.

ವಿದ್ಯಾರ್ಥಿಯ ಕೈಗೆ ಹೋದ ಪಟ್ಟಿಯಲ್ಲಿ ಸರಕು ಖರೀದಿ 64,400, ಪೀಠೋಪಕರಣ 12,000, ಪಾಟೀಲರು 6,340, ಶೆಟ್ಟರು 6,600, ಕಮಿಷನ್ 100, ಉಳಿದವು ಮೊದಲಿನಂತೆಯೇ. ಡೆಬಿಟ್ ಮೊತ್ತ 1,27,090, ಕ್ರೆಡಿಟ್ ಮೊತ್ತ 1,27,700. ಡೆಬಿಟ್ ಬದಿ 610 ರೂಪಾಯಿ ಕಡಿಮೆ.

ಸುಳಿವಿನ ಸೂತ್ರಗಳನ್ನಷ್ಟೇ ಬಾಯಿಪಾಠ ಮಾಡಿದವನು ಇಲ್ಲಿ ಸೋಲುತ್ತಾನೆ. 610 ಎಂಬ ಮೊಬಲಗು ಪುಸ್ತಕಗಳಲ್ಲಿ ಎಲ್ಲಿಯೂ ಇಲ್ಲ. ಅರ್ಧ 305, ಅದೂ ಇಲ್ಲ. ಒಂಬತ್ತರಿಂದ ಭಾಗವಾಗುವುದಿಲ್ಲ. ಮೂರು ತಪ್ಪುಗಳು ಒಂದರ ಮೇಲೊಂದು ಬಿದ್ದು ಒಂದರ ಗುರುತನ್ನು ಇನ್ನೊಂದು ಅಳಿಸಿದೆ. ಇಂಥಲ್ಲಿ ಕ್ರಮವಾಗಿ ಹುಡುಕುವುದೊಂದೇ ದಾರಿ. ಆ ಕ್ರಮವನ್ನು ಕಲಿಸುವುದೇ ಲೆಕ್ಕದ ಉದ್ದೇಶ.

ಹುಡುಕುವ ಕ್ರಮ

ಮೊದಲು ತಾಳೆಪಟ್ಟಿಯ ಎರಡು ಬದಿಗಳನ್ನೂ ಕೆಳಗಿನಿಂದ ಮೇಲಕ್ಕೆ ಕೂಡಿಸಬೇಕು. ಮೇಲಿನಿಂದಲೇ ಮತ್ತೆ ಕೂಡಿಸಿದರೆ ನಾಲಿಗೆ ಹಿಂದಿನ ತಪ್ಪನ್ನೇ ಹೇಳುತ್ತದೆ. ಎರಡನೆಯದಾಗಿ ಖಾತೆ ಪುಸ್ತಕದ ಪ್ರತಿ ಪುಟ ತಿರುವಿ, ಪ್ರತಿಯೊಂದು ಶಿಲ್ಕೂ ಪಟ್ಟಿಗೆ ಬಂದಿದೆಯೇ, ಸರಿಯಾದ ಬದಿಗೆ ಬಂದಿದೆಯೇ ಎಂದು ನೋಡಬೇಕು. ನಗದು ಮತ್ತು ಬ್ಯಾಂಕಿನ ಶಿಲ್ಕುಗಳು ಬೇರೆ ಪುಸ್ತಕದಲ್ಲಿರುವುದರಿಂದ ಬಿಟ್ಟುಹೋಗುವುದು ಹೆಚ್ಚು. ಮೂರನೆಯದಾಗಿ ಪ್ರತಿ ಖಾತೆಯ ಶಿಲ್ಕನ್ನು ಮತ್ತೆ ತೆಗೆಯಬೇಕು. ನಮ್ಮ ಲೆಕ್ಕದಲ್ಲಿ ಈ ಮೂರರಲ್ಲಿಯೂ ಏನೂ ಸಿಗುವುದಿಲ್ಲ. ಆದರೂ ಇವನ್ನು ಬಿಡುವಂತಿಲ್ಲ, ಏಕೆಂದರೆ ಇವು ಹತ್ತು ನಿಮಿಷದ ಕೆಲಸ, ಮುಂದಿನದು ಗಂಟೆಗಳ ಕೆಲಸ.

ನಾಲ್ಕನೆಯದಾಗಿ ದಿನದ ಪುಸ್ತಕಗಳ ಪುಟದ ಮೊತ್ತಗಳನ್ನು ಕೂಡಿಸಬೇಕು. ಇಲ್ಲಿ ಖರೀದಿ ಪುಸ್ತಕದ ಮೂರನೆಯ ಪುಟದಲ್ಲಿ 1,000 ಸಿಗುತ್ತದೆ. ಅದನ್ನು ಡೆಬಿಟ್ ಬದಿಗೆ ಸೇರಿಸಿದ ಕೂಡಲೆ ಚಿತ್ರ ತಿರುಗುತ್ತದೆ: 610 ಕಡಿಮೆಯಿದ್ದ ಡೆಬಿಟ್ ಬದಿ ಈಗ 390 ಹೆಚ್ಚಾಯಿತು. ಹೊಸಬನು ಇಲ್ಲಿ ಗಾಬರಿಯಾಗುತ್ತಾನೆ. ತಾನು ಕಂಡದ್ದು ತಪ್ಪಲ್ಲವೇನೋ ಎಂದು ಅಳಿಸಿಹಾಕುತ್ತಾನೆ. ಹಾಗೆ ಮಾಡಬಾರದು. ವ್ಯತ್ಯಾಸ ಹೆಚ್ಚಿತೋ ಕಡಿಮೆಯಾಯಿತೋ ಎಂಬುದರಿಂದ ತಪ್ಪು ನಿಜವೋ ಸುಳ್ಳೋ ಎಂದು ತೀರ್ಮಾನವಾಗುವುದಿಲ್ಲ. ಪುಟದ ಮೊತ್ತ 18,640 ಹೌದೆಂದಾದರೆ ಹೌದೇ.

390ರ ಅರ್ಧ 195 ಪುಸ್ತಕಗಳಲ್ಲಿಲ್ಲ. ಒಂಬತ್ತರಿಂದಲೂ ಅದು ಭಾಗವಾಗದು. ಇನ್ನೂ ಒಂದಕ್ಕಿಂತ ಹೆಚ್ಚು ತಪ್ಪುಗಳಿವೆ ಎಂದರ್ಥ. ಆಗ ಐದನೆಯ ಹೆಜ್ಜೆ: ಇಬ್ಬರು ಕುಳಿತು, ಒಬ್ಬನು ದಿನದ ಪುಸ್ತಕದ ಕಲಮುಗಳನ್ನು ಒಂದೊಂದಾಗಿ ಓದಿ ಹೇಳುವುದು, ಇನ್ನೊಬ್ಬನು ಖಾತೆಯಲ್ಲಿ ಅದನ್ನು ಕಂಡು ಗುರುತು ಹಾಕುವುದು. ಇದು ಬಹು ಹಳೆಯ ಪದ್ಧತಿ. ಇಟಲಿಯ ಲೂಕಾ ಪಚೋಲಿ ಎಂಬ ಸಂನ್ಯಾಸಿ 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚು ಹಾಕಿಸಿದ ಗಣಿತಗ್ರಂಥದಲ್ಲಿ ಲೆಕ್ಕ ಬರೆಯುವ ಬಗೆಯನ್ನು ವಿವರಿಸುವಾಗ, ಇಬ್ಬರು ಕೂಡಿ ಗುರುತು ಹಾಕುವ ಈ ಕ್ರಮವನ್ನೇ ಹೇಳಿದ್ದಾನೆ.

ಗುರುತು ಹಾಕುತ್ತ ಹೋದಾಗ ಕಮಿಷನ್ನಿನ 150 ಡೆಬಿಟ್ ಬದಿಯಲ್ಲಿ ಸಿಕ್ಕಿಬೀಳುತ್ತದೆ. ಅದನ್ನು ಸರಿಪಡಿಸಿದರೆ ಕಮಿಷನ್ ಶಿಲ್ಕು 100ರಿಂದ 400ಕ್ಕೆ ಏರಿ ಕ್ರೆಡಿಟ್ ಬದಿ 300 ಹೆಚ್ಚುತ್ತದೆ. ವ್ಯತ್ಯಾಸ 90ಕ್ಕೆ ಇಳಿಯುತ್ತದೆ. ಈಗ ನೋಡಿರಿ, ಮಂಜು ಸರಿದಂತೆ ಸುಳಿವು ಹೊರಬಂತು. 90ರ ಅರ್ಧ 45 ಎಲ್ಲಿಯೂ ಇಲ್ಲ, ಆದರೆ 90 ಒಂಬತ್ತರ ಹತ್ತರಷ್ಟು. ನೂರರ ಮತ್ತು ಹತ್ತರ ಸ್ಥಾನದಲ್ಲಿ ಒಂದೇ ಅಂತರವಿರುವ ಎರಡು ಅಂಕಿಗಳು ಅದಲುಬದಲಾಗಿರುವ ಸಂಭವವಿದೆ. ಡೆಬಿಟ್ ಬದಿಯ ಕಲಮುಗಳಲ್ಲಿ 4 ಮತ್ತು 5 ಅಕ್ಕಪಕ್ಕದಲ್ಲಿರುವ ಪಾಟೀಲರ 2,540 ಕಣ್ಣಿಗೆ ಬೀಳುತ್ತದೆ. ಮಾರಾಟ ಪುಸ್ತಕ ತೆರೆದರೆ 2,450. ಒಂಬತ್ತರ ಸೂತ್ರವನ್ನು ಬಳಸಬೇಕಾದದ್ದು ಹುಡುಕಾಟದ ಆರಂಭದಲ್ಲಿ ಒಮ್ಮೆ, ಮತ್ತೆ ಪ್ರತಿಯೊಂದು ತಪ್ಪು ಸಿಕ್ಕ ಮೇಲೂ ಒಮ್ಮೆ. ಇದನ್ನು ಮಾತಿನಲ್ಲಿ ಎಷ್ಟು ಸಲ ಹೇಳಿದರೂ ತಿಳಿಯದು. 610 ಎಂಬುದು 390 ಆಗಿ, 390 ಎಂಬುದು 90 ಆಗುವುದನ್ನು ತನ್ನ ಕೈಯಾರೆ ಮಾಡಿದವನಿಗೆ ಮರೆಯುವುದಿಲ್ಲ.

ತಾಳೆ ಬಂದ ಮೇಲೆ ಉಳಿದದ್ದು

ಕಂಡ ತಪ್ಪನ್ನು ಕೆರೆದು ತಿದ್ದುವಂತಿಲ್ಲ. ಮೊದಲಿಗೆ 610 ರೂಪಾಯಿಯನ್ನು ಸಸ್ಪೆನ್ಸ್ ಖಾತೆ ಎಂಬ ಹೆಸರಿನಲ್ಲಿ ಡೆಬಿಟ್ ಬದಿಗೆ ಬಹಿರಂಗವಾಗಿ ಬರೆದಿಡಬೇಕು. ತಪ್ಪು ಸಿಕ್ಕಂತೆಲ್ಲ ಆ ಖಾತೆಯ ಮೂಲಕ ಸರಿಪಡಿಸಬೇಕು. ಪಾಟೀಲರಿಗೆ 90 ಕ್ರೆಡಿಟ್, ಸಸ್ಪೆನ್ಸಿಗೆ 90 ಡೆಬಿಟ್. ಕಮಿಷನ್ನಿಗೆ 300 ಕ್ರೆಡಿಟ್, ಸಸ್ಪೆನ್ಸಿಗೆ 300 ಡೆಬಿಟ್. ಖರೀದಿಗೆ 1,000 ಡೆಬಿಟ್, ಸಸ್ಪೆನ್ಸಿಗೆ 1,000 ಕ್ರೆಡಿಟ್. ಸಸ್ಪೆನ್ಸ್ ಖಾತೆಯ ಡೆಬಿಟ್ ಬದಿಯಲ್ಲಿ 610, 90, 300 ಕೂಡಿ 1,000. ಕ್ರೆಡಿಟ್ ಬದಿಯಲ್ಲಿ 1,000. ಖಾತೆ ಮುಚ್ಚಿತು. ತಾಳೆ ಬಂತು.

ಇಲ್ಲಿ ವಿದ್ಯಾರ್ಥಿಗಳು ಲೇಖಣಿ ಕೆಳಗಿಡುತ್ತಾರೆ. ನಾನು ಕಾಯುತ್ತಿದ್ದದ್ದು ಈ ಗಳಿಗೆಯನ್ನೇ. ಐದು ತಪ್ಪುಗಳಲ್ಲಿ ಎರಡು ಇನ್ನೂ ಹಾಗೆಯೇ ಕುಳಿತಿವೆ. ಅವುಗಳಲ್ಲಿ ಡೆಬಿಟ್ ಡೆಬಿಟ್ಟಿನ ಕಡೆಗೆ, ಕ್ರೆಡಿಟ್ ಕ್ರೆಡಿಟ್ಟಿನ ಕಡೆಗೇ ಇದೆ, ಖಾತೆ ಮಾತ್ರ ಬೇರೆ. ತಾಳೆಪಟ್ಟಿಗೆ ಅವು ಕಾಣುವುದೇ ಇಲ್ಲ. ಆದರೆ ಅವುಗಳ ಕೆಡುಕು ಸಣ್ಣದಲ್ಲ. ವರ್ಷಗಟ್ಟಲೆ ಬಾಳುವ ಕಪಾಟು ಮಾರಿ ಮುಗಿಸುವ ಸರಕಿನಲ್ಲಿ ಸೇರಿದ್ದರಿಂದ, ಸವಕಳಿಯ ಮಾತು ಬಿಟ್ಟರೆ, ಅಂಗಡಿಯ ಲಾಭ 3,000 ರೂಪಾಯಿ ಕಡಿಮೆಯಾಗಿ ಕಾಣುತ್ತದೆ. ಶೆಟ್ಟರು ಕೊಟ್ಟ ಸಾವಿರವನ್ನು ಮತ್ತೆ ಶೆಟ್ಟರಿಂದಲೇ ಕೇಳಿದಂತಾಗುತ್ತದೆ. ಪಾಟೀಲರು ಕೊಡಬೇಕಾದ ಸಾವಿರ ಮುಳುಗಿಹೋಗುತ್ತದೆ.

ಇವು ಸಿಗಬೇಕಾದರೆ ಖಾತೆ ಪುಸ್ತಕದಿಂದ ಇನ್ನೂ ಹಿಂದಕ್ಕೆ, ಕಾಗದಗಳಿಗೆ ಹೋಗಬೇಕು. ಅದಕ್ಕಾಗಿಯೇ ನಾನು ಲೆಕ್ಕದ ಜೊತೆ ಕಪಾಟಿನ ಅಂಗಡಿಯವರ ಬಿಲ್ಲನ್ನೂ ರಸೀದಿ ಪುಸ್ತಕದ ಅರ್ಧಪ್ರತಿಯನ್ನೂ ಇಟ್ಟಿರುತ್ತೇನೆ. ಬಿಲ್ಲಿನ ಮೇಲೆ ಕಪಾಟೆಂದಿದೆ, ಖಾತೆಯಲ್ಲಿ ಸರಕೆಂದಿದೆ. ರಸೀದಿಯ ಮೇಲೆ ಶೆಟ್ಟರ ಹೆಸರಿದೆ, ಖಾತೆಯಲ್ಲಿ ಪಾಟೀಲರ ಹೆಸರಿದೆ. ನಿಜವಾದ ಅಂಗಡಿಯಲ್ಲಿ ಗಿರಾಕಿಗಳಿಗೆ ಬಾಕಿಯ ಪತ್ರ ಕಳಿಸಿ ಒಪ್ಪಿಗೆ ತರಿಸುವುದೂ ಬ್ಯಾಂಕಿನ ಪಾಸ್‌ಬುಕ್ಕಿನೊಡನೆ ಪುಸ್ತಕವನ್ನು ಹೋಲಿಸುವುದೂ ಇದೇ ಕೆಲಸಕ್ಕಾಗಿ. ಈ ಎರಡು ತಪ್ಪುಗಳನ್ನು ಸರಿಪಡಿಸುವಾಗ ಸಸ್ಪೆನ್ಸ್ ಖಾತೆಯ ಗೊಡವೆಯಿಲ್ಲ. ಪೀಠೋಪಕರಣಕ್ಕೆ 3,000 ಡೆಬಿಟ್, ಖರೀದಿಗೆ 3,000 ಕ್ರೆಡಿಟ್. ಪಾಟೀಲರಿಗೆ 1,000 ಡೆಬಿಟ್, ಶೆಟ್ಟರಿಗೆ 1,000 ಕ್ರೆಡಿಟ್. ಆಗ ಮಾತ್ರ ಪಟ್ಟಿ ಮೊದಲಿನ 1,28,000ದ ಪಟ್ಟಿಯೊಡನೆ ಸಾಲು ಸಾಲಿಗೂ ಹೊಂದುತ್ತದೆ.

ತಾಳೆಪಟ್ಟಿಗೆ ಕಾಣದ ಇನ್ನೊಂದು ಬಗೆಯನ್ನು ನಾನು ಅರಿಯದೆಯೇ ಕಲಿಸಿದೆ. ಒಂದು ಲೆಕ್ಕದಲ್ಲಿ ವಿದ್ಯುತ್ ಬಿಲ್ಲಿನ 560ನ್ನು 650 ಎಂದೂ, ಮಾರಾಟದ 1,230ನ್ನು 1,320 ಎಂದೂ ಇಟ್ಟಿದ್ದೆ. ಒಂದು ಡೆಬಿಟ್ ಬದಿಯಲ್ಲಿ 90 ಹೆಚ್ಚು, ಇನ್ನೊಂದು ಕ್ರೆಡಿಟ್ ಬದಿಯಲ್ಲಿ 90 ಹೆಚ್ಚು. ವಿದ್ಯಾರ್ಥಿಗಳು ಕೂಡಿಸಿ ನೋಡಿದರು, ತಾಳೆ ಬಂದೇಬಿಟ್ಟಿತು, ನಮಸ್ಕಾರ ಹೇಳಿ ಲೋಕಲ್ ಗಾಡಿ ಹಿಡಿಯಲು ಹೊರಟರು. ನನ್ನ ಚೀಟಿಯಲ್ಲಿ ಎರಡೂ ತಪ್ಪುಗಳ ಮೊಬಲಗನ್ನು ಒಟ್ಟುಗೂಡಿಸಿ ನೋಡಿದ್ದರೆ ಇದು ಮೊದಲೇ ತಿಳಿಯುತ್ತಿತ್ತು. ಈಗ ಬೇಕೆಂದೇ ಅಪರೂಪಕ್ಕೊಮ್ಮೆ ಹೀಗೆ ಮಾಡುತ್ತೇನೆ.

ಅದರಷ್ಟೇ ಮುಖ್ಯವಾದ ಇನ್ನೊಂದನ್ನೂ ಮಾಡುತ್ತೇನೆ: ಆಗಾಗ ಒಂದೂ ತಪ್ಪಿಲ್ಲದ ಲೆಕ್ಕವನ್ನು ನಡುವೆ ಸೇರಿಸುತ್ತೇನೆ. ತಪ್ಪಿದೆಯೆಂದು ಮೊದಲೇ ಗೊತ್ತಿರುವವನ ಕಣ್ಣು ಬೇರೆ, ಇದೆಯೋ ಇಲ್ಲವೋ ಗೊತ್ತಿಲ್ಲದವನ ಕಣ್ಣು ಬೇರೆ. ಬೇಕೆಂದೇ ಇಟ್ಟ ತಪ್ಪಿನ ದೊಡ್ಡ ಕೊರತೆ ಇದು, ಅದರಲ್ಲಿ ಒಂದು ಭರವಸೆ ಅಡಗಿರುತ್ತದೆ. ಅಂಗಡಿಯಲ್ಲಿ ಆ ಭರವಸೆಯನ್ನು ಯಾರೂ ಕೊಡುವುದಿಲ್ಲ. “ಎಲ್ಲವನ್ನೂ ನೋಡಿದೆ, ತಪ್ಪಿಲ್ಲ” ಎಂದು ಧೈರ್ಯವಾಗಿ ಬರೆದುಕೊಡುವುದನ್ನೂ ಗುಮಾಸ್ತನು ಕಲಿಯಬೇಕು.

ಯಂತ್ರದ ಲೆಕ್ಕ ಬಂದ ಮೇಲೆ

ಈಗ ಬಹುತೇಕ ಅಂಗಡಿಗಳಲ್ಲಿ ಕಂಪ್ಯೂಟರ್ ಇದೆ, ಇದೆಲ್ಲ ಏಕೆ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸರಿಯೇ. ನಮ್ಮ ಬೆಂಗಳೂರಿನಲ್ಲಿಯೇ ನೆಲೆಯಿರುವ ಸಂಸ್ಥೆಯ ಟ್ಯಾಲಿಯಂಥ ಲೆಕ್ಕದ ತಂತ್ರಾಂಶಗಳು ಡೆಬಿಟ್ ಮತ್ತು ಕ್ರೆಡಿಟ್ ಸಮನಾಗದ ನಮೂದನ್ನು ಸ್ವೀಕರಿಸುವುದೇ ಇಲ್ಲ. ಕೂಡಿಕೆಯನ್ನೂ ತಾವೇ ಮಾಡುತ್ತವೆ. ಹೀಗಾಗಿ ನಮ್ಮ ಲೆಕ್ಕದ ಮೊದಲ ಮೂರು ತಪ್ಪುಗಳು ಅಲ್ಲಿ ಹುಟ್ಟುವುದು ಕಷ್ಟ. ಆದರೆ ಕೊನೆಯ ಎರಡನ್ನು ಯಂತ್ರ ತಡೆಯಲಾರದು. ಪಟ್ಟಿಯಿಂದ ಖಾತೆಯ ಹೆಸರು ಆರಿಸುವಾಗ ಬೆರಳು ಒಂದು ಸಾಲು ಜಾರಿದರೆ ಶೆಟ್ಟರ ಹಣ ಪಾಟೀಲರಿಗೆ ಹೋಗುತ್ತದೆ. 2,450ನ್ನು 2,540 ಎಂದು ಒತ್ತಿದರೆ ಎರಡು ಬದಿಗೂ ಅದೇ ಹೋಗಿ ಕೂರುತ್ತದೆ. ಒಂದೇ ಬಿಲ್ಲು ಎರಡು ಸಲ ಏರಿದರೂ ತಾಳೆ ತಪ್ಪುವುದಿಲ್ಲ. ಯಂತ್ರದ ತಾಳೆಪಟ್ಟಿ ಯಾವಾಗಲೂ ಸರಿಯಾಗಿಯೇ ಕಾಣುವುದರಿಂದ ನೋಡುವವನು ಬೇಗ ನಂಬಿಬಿಡುತ್ತಾನೆ.

ಆದುದರಿಂದ ಈಚೆಗೆ ನಾನು ಕಾಣದ ತಪ್ಪುಗಳ ಪಾಲನ್ನು ಹೆಚ್ಚಿಸಿದ್ದೇನೆ. ಕಾಣುವ ತಪ್ಪುಗಳನ್ನು ಪೂರ್ತಿ ಬಿಟ್ಟಿಲ್ಲ. ಬ್ಯಾಂಕಿನ ಹಾಳೆಯನ್ನು ನಮ್ಮ ಪುಸ್ತಕದೊಡನೆ ಹೋಲಿಸುವಾಗ, ಗಲ್ಲಾಪೆಟ್ಟಿಗೆಯ ಹಣವನ್ನು ಎಣಿಸುವಾಗ, ವ್ಯಾಪಾರಿ ಕಳಿಸಿದ ಖಾತೆಯ ಪ್ರತಿಯನ್ನು ನೋಡುವಾಗ ಅರ್ಧದ ಸೂತ್ರವೂ ಒಂಬತ್ತರ ಸೂತ್ರವೂ ಇಂದಿಗೂ ದಾರಿ ತೋರಿಸುತ್ತವೆ.

ಈ ಕ್ರಮವನ್ನು ಆರಂಭಿಸಿದಾಗ ನಾನು ಮಾಡಿದ ಮೊದಲ ಲೆಕ್ಕ ಆ ತರುಣನದೇ; ಅವನ ಅನುಮತಿ ಪಡೆದು, ಹೆಸರುಗಳನ್ನು ಬದಲಿಸಿ, 540 ರೂಪಾಯಿಯ ವ್ಯತ್ಯಾಸವನ್ನು ಹಾಗೆಯೇ ಇಟ್ಟೆ. ಅವನೂ ಬೆಂಚಿನ ಮೇಲೆ ಕುಳಿತಿದ್ದ. ಅರ್ಧ ಮಾಡಿ 270ನ್ನು ಹುಡುಕಿದವರು ಕೆಲವರು, ಒಂಬತ್ತರ ಬೆನ್ನು ಹತ್ತಿ ದಾರಿ ತಪ್ಪಿ ಮರಳಿದವರು ಕೆಲವರು. ಹೊತ್ತು ಮುಗಿದರೂ ಒಬ್ಬ ಹುಡುಗನಿಗೆ ಮಾತ್ರ ಸಿಗಲಿಲ್ಲ. ಅವನು ಹಾಳೆಯ ಕೊನೆಯಲ್ಲಿ, “ಡೆಬಿಟ್ 540 ಹೆಚ್ಚಿದೆ, ಕಾರಣ ಸಿಕ್ಕಿಲ್ಲ, ಸಸ್ಪೆನ್ಸ್ ಖಾತೆಯಲ್ಲಿ ಕ್ರೆಡಿಟ್ ತೋರಿಸಿದ್ದೇನೆ, ಇಲ್ಲಿಯವರೆಗೆ ನೋಡಿದ ಪುಸ್ತಕಗಳು ಇವು” ಎಂದು ಬರೆದು ಪಟ್ಟಿಯನ್ನು ಕೊಟ್ಟ.

ನಮ್ಮ ತರುಣ ಆ ಹಾಳೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ. “ನಾನೂ ಇಷ್ಟ ಬರದಿದ್ರ ಸಾಕಾಗಿತ್ತಲ್ರಿ ಮಾಸ್ತರ್ರ” ಎಂದ. ಆ ಹುಡುಗನಿಗೂ ನಾನು ಪೂರ್ಣ ಅಂಕಗಳನ್ನೇ ಕೊಟ್ಟೆ.